ಬಾಣಲೆಗಿಂತ ಮೊದಲು ಬಟ್ಟೆ: ಕೊಳ್ಳೇಗಾಲ ಸೀಮೆಯ ಹಾಲಿನಲ್ಲಿ ಸಂದೇಶ್

ಬಂಗಾಳದ ಸಂದೇಶ್ ಕರ್ನಾಟಕಕ್ಕೆ ಹೊಸದಲ್ಲ, ಕಲ್ಕತ್ತೆಯ ಕೆ.ಸಿ. ದಾಸ್ ಮನೆತನದ ಅಂಗಡಿ ಬೆಂಗಳೂರಿನಲ್ಲಿ 1972ರಿಂದ ನಡೆಯುತ್ತಿದೆ. ಆದರೆ ಆ ಸಿಹಿಯನ್ನು ಕೊಳ್ಳೇಗಾಲ, ಹನೂರು, ಯಳಂದೂರುಗಳ ಅಡುಗೆಮನೆಯಲ್ಲಿ ಅಲ್ಲಿನದೇ ಹಾಲಿನಿಂದ ಮಾಡಹೊರಟಾಗ ಎದುರಾಗುವ ತೊಡಕು ಸಾಮಗ್ರಿಯದ್ದಕ್ಕಿಂತ ಹೆಚ್ಚಾಗಿ ಕೈಯ ರೂಢಿಯದ್ದು. ಹಾಲನ್ನು ಬತ್ತಿಸಿ ಖೋವಾ ಮಾಡುವುದು, ಮೈಸೂರು ಪಾಕು ತುಪ್ಪ ಬಿಡುವವರೆಗೆ ಮಗುಚುವುದು, ಹಾಲು ಒಡೆದರೆ ಚೆಲ್ಲಲು ಮನಸ್ಸಾಗದೆ ಬೆಲ್ಲ ಹಾಕಿ ನೀರು ಇಂಗುವವರೆಗೆ ಕಾಯಿಸುವುದು, ಇವೆಲ್ಲ ಈ ಸೀಮೆಯ ಮನೆಗಳಿಗೆ ತಿಳಿದ ಕೆಲಸಗಳು. ಇವು ಮೂರರಲ್ಲಿಯೂ ಒಲೆಯ ಮುಂದೆ ತಾಳ್ಮೆಯಿಂದ ನಿಂತಷ್ಟೂ ತಿಂಡಿ ಪಕ್ವವಾಗುತ್ತದೆಂಬ ನಂಬಿಕೆಯಿದೆ. ಸಂದೇಶ್‌ನ ವಿಷಯದಲ್ಲಿ ಈ ನಂಬಿಕೆಯೇ ಅಡ್ಡಿಯಾಗುತ್ತದೆ.

ಒಡೆದ ಹಾಲಿಗೆ ಬೆಲ್ಲ ಬೆರೆಸಿ ಕಾಯಿಸಿದ ಮನೆಯ ಸಿಹಿಯನ್ನು ಬಲ್ಲವರಿಗೆ ಅದರ ಕಾಳುಕಾಳಾದ, ಹಲ್ಲಿಗೆ ರಬ್ಬರಿನಂತೆ ಸಿಗುವ ಗುಣವೂ ಗೊತ್ತು. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್, ಹುಳಿ ತಗುಲಿದೊಡನೆ ಒಂದಕ್ಕೊಂದು ಅಂಟಿಕೊಂಡು, ಕೊಬ್ಬನ್ನೂ ನೀರನ್ನೂ ತನ್ನೊಳಗೆ ಹಿಡಿದಿಟ್ಟುಕೊಂಡ ಸಡಿಲವಾದ ಬಲೆಯಾಗುತ್ತದೆ. ಈ ಬಲೆಯನ್ನು ಬಟ್ಟೆಯಲ್ಲಿ ಸೋಸಿ ಉಳಿಸಿಕೊಂಡದ್ದೇ ಛೇನಾ. ಅದಕ್ಕೆ ಹೆಚ್ಚು ಹೊತ್ತು ಶಾಖ ಕೊಟ್ಟರೆ ಬಲೆ ಕುಗ್ಗಿ, ಒಳಗಿನ ನೀರನ್ನು ಹೊರಗೆ ಹಿಂಡಿ, ಗಟ್ಟಿಯಾದ ಕಣಗಳಾಗಿ ಉಳಿಯುತ್ತದೆ. ಒಮ್ಮೆ ಹೀಗೆ ಕುಗ್ಗಿದ್ದು ಹಾಲು ಚಿಮುಕಿಸಿದರೂ ಮತ್ತೆ ಮೊದಲಿನಂತಾಗುವುದಿಲ್ಲ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ನೆಲೆಸಿರುವ ಟಿಬೆಟಿಯನ್ನರ ಸಂಪ್ರದಾಯದ ಛುರ್ಪಿಯಲ್ಲಿ ಇದೇ ಪ್ರೋಟೀನನ್ನು ಹಿಂಡಿ ಒಣಗಿಸಿ, ಗಂಟೆಗಟ್ಟಲೆ ಜಗಿಯಬಹುದಾದ ಗಟ್ಟಿತನವನ್ನು ಬೇಕೆಂದೇ ತರಲಾಗುತ್ತದೆ. ಅಲ್ಲಿ ಗುಣವಾದದ್ದು ಸಂದೇಶ್‌ನಲ್ಲಿ ದೋಷ.

ಬಂಗಾಳದ ಮಿಠಾಯಿಗಾರರು ಸಂದೇಶ್‌ನಲ್ಲಿ ಎರಡು ಬಗೆಯ ಪಾಕವನ್ನು ಗುರುತಿಸುತ್ತಾರೆ. ಹೆಚ್ಚು ಹೊತ್ತು ಮಗುಚಿ, ಅಚ್ಚಿನಲ್ಲಿ ಒತ್ತಿದರೆ ಗೆರೆ ಸ್ಪಷ್ಟವಾಗಿ ನಿಲ್ಲುವಂತೆ ಮಾಡಿದ್ದು ಕಡಾ ಪಾಕ್. ಅಲ್ಪ ಶಾಖದಲ್ಲಿ ಬೇಗ ಇಳಿಸಿ, ನಾಲಿಗೆಯ ಮೇಲೆ ಕರಗುವಂತೆ ಉಳಿಸಿಕೊಂಡದ್ದು ನರಮ್ ಪಾಕ್. ಮೃದುವಾದ ಸಂದೇಶ್ ಕೈಕೊಟ್ಟಾಗ ಸಾಮಾನ್ಯವಾಗಿ ಉರಿಯನ್ನು ದೂರಲಾಗುತ್ತದೆ, ಅದು ಸಹಜವೂ ಹೌದು. ಆದರೆ ಉರಿ ಏಕೆ ಅಷ್ಟು ಹೊತ್ತು ಬೇಕಾಯಿತೆಂದು ಹಿಂದಕ್ಕೆ ಹೋಗಿ ನೋಡಿದರೆ ಮೂಲ ಬಹುಮಟ್ಟಿಗೆ ಸೋಸುವ ಬಟ್ಟೆಯಲ್ಲಿ ಸಿಗುತ್ತದೆ.

ಎರಡು ಲೀಟರ್ ಹಸುವಿನ ಹಾಲಿನ ಲೆಕ್ಕವನ್ನು ತೆಗೆದುಕೊಂಡರೆ ಇದು ತಿಳಿಯಾಗುತ್ತದೆ. ಈ ಸೀಮೆಯಲ್ಲಿ ಡೇರಿಗೆ ಬರುವುದು ಹೆಚ್ಚಾಗಿ ಮಿಶ್ರತಳಿ ಹಸುಗಳ ಹಾಲೇ ಆದ್ದರಿಂದ, ಬೆಳಗಿನ ತಾಜಾ ಹಾಲು ಛೇನಾಕ್ಕೆ ಚೆನ್ನಾಗಿ ಒದಗುತ್ತದೆ. ಎಮ್ಮೆಯ ಹಾಲಿನಲ್ಲಿ ಕೇಸೀನ್ ಮತ್ತು ಸುಣ್ಣದ ಅಂಶ ಹೆಚ್ಚಿರುವುದರಿಂದ ಛೇನಾ ಗಡಸಾಗುತ್ತದೆ. ಅದೊಂದೇ ಸಿಗುವ ಮನೆಯಲ್ಲಿ ಹಾಲಿಗೆ ಕಾಲು ಭಾಗ ನೀರು ಬೆರೆಸಿ ಒಡೆಯುವುದರಿಂದ ಗಡಸುತನ ತಗ್ಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಹಾಲನ್ನು ಒಮ್ಮೆ ಉಕ್ಕಿಸಿ ಒಲೆಯಿಂದ ಇಳಿಸಿ, ಸುಮಾರು 80 ಡಿಗ್ರಿಗೆ ಇಳಿಯಲು ಬಿಟ್ಟು, ನಿಂಬೆರಸಕ್ಕೆ ಅದರಷ್ಟೇ ನೀರು ಸೇರಿಸಿ ಚಮಚೆ ಚಮಚೆಯಾಗಿ ಹಾಕುತ್ತಾ ಮೆಲ್ಲಗೆ ಕೈಯಾಡಿಸಬೇಕು. ಕುದಿಯುವ ಹಾಲಿಗೆ ಗಟ್ಟಿ ಹುಳಿಯನ್ನು ಒಮ್ಮೆಗೇ ಸುರಿದರೆ ಬಲೆ ಆ ಕ್ಷಣದಲ್ಲೇ ಬಿಗಿದುಕೊಳ್ಳುತ್ತದೆ, ಮುಂದೆ ಎಷ್ಟು ನಾಜೂಕಾಗಿ ಬೇಯಿಸಿದರೂ ಆ ಬಿಗಿ ಸಡಿಲುವುದಿಲ್ಲ. ಮೇಲೆ ನಿಂತ ನೀರು ಹಾಲಿನ ಬಿಳುಪನ್ನು ಕಳೆದುಕೊಂಡು ತಿಳಿಹಸಿರಾದೊಡನೆ ಹುಳಿ ಸಾಕು. ಅದನ್ನು ಮೀರಿ ಹಾಕಿದ್ದು ರುಚಿಯನ್ನೂ ಕೆಡಿಸುತ್ತದೆ. ಆಗ ತೆಳುಬಟ್ಟೆಗೆ ಸುರಿದು, ತಣ್ಣೀರಿನಲ್ಲಿ ತೊಳೆದು ಗಂಟು ಕಟ್ಟಿ ತೂಗುಹಾಕಬೇಕು.

ಮುಕ್ಕಾಲು ಗಂಟೆಯಲ್ಲಿ ಗಂಟಿನಿಂದ ತೊಟ್ಟಿಕ್ಕುವುದು ನಿಂತಾಗ ಸುಮಾರು 340 ಗ್ರಾಂ ಛೇನಾ ಕೈಗೆ ಬರುತ್ತದೆ. ಅವಸರದಲ್ಲಿ ಬೇಗನೆ ಬಿಚ್ಚಿದಾಗ ಅದೇ ಛೇನಾ 400 ಗ್ರಾಂ ತೂಗಿದರೆ, ಹೆಚ್ಚಿನ 60 ಗ್ರಾಂ ಬರಿಯ ನೀರು. ಸಕ್ಕರೆ ಸೇರಿದ ಮೇಲೆ ಅದು ಕರಗಿ ಮಿಶ್ರಣ ಇನ್ನಷ್ಟು ಅಂಬಲಿಯಂತಾಗುತ್ತದೆ, ಆ ನೀರು ಹೋಗಲು ಬಾಣಲೆ ಒಲೆಯ ಮೇಲೆ ಉಳಿಯಲೇಬೇಕಾಗುತ್ತದೆ, ಕೇಸೀನ್ ಕುಗ್ಗುವುದು ಆ ಹೊತ್ತಿನಲ್ಲಿಯೇ. ಬಟ್ಟೆಯಲ್ಲಿ ಶಾಖವಿಲ್ಲದೆ ಹೋಗಬೇಕಿದ್ದ ನೀರನ್ನು ಬಾಣಲೆಯಲ್ಲಿ ಶಾಖದಿಂದ ಓಡಿಸುವುದೇ ಜಗಿತದ ನಿಜವಾದ ಕಾರಣ. ಇದರ ಎದುರು ತಪ್ಪೂ ಇದೆ: ಪನೀರಿನಂತೆ ಕಲ್ಲು ಹೇರಿ ಹಿಂಡಿದ ಛೇನಾ ಪುಡಿಪುಡಿಯಾಗಿ, ಗಂಟಲಿಗೆ ಒಣಗು ಕಟ್ಟುತ್ತದೆ. ಬೆರಳುಗಳ ನಡುವೆ ಒತ್ತಿದಾಗ ತೇವ ತಗುಲಿಯೂ ನೀರು ಜಿನುಗದಿದ್ದರೆ ಹದ ಸರಿಯಾಗಿದೆ.

ನಂತರ ಛೇನಾವನ್ನು ಅಂಗೈಯ ಬುಡದಿಂದ ತಟ್ಟೆಯ ಮೇಲೆ ಉಜ್ಜಿ ಉಜ್ಜಿ, ಕಾಳು ಕಾಣದಂತೆ ನುಣುಪು ಮಾಡಬೇಕು, ಅಂಗೈಗೆ ಜಿಡ್ಡು ಹತ್ತಲು ತೊಡಗಿದ ಗಳಿಗೆಯಲ್ಲಿ ನಿಲ್ಲಿಸಬೇಕು. ಮುಂದಿನ ಹಂತದಲ್ಲಿ ಬಂಗಾಳದ ಕೈಗಳು ಕಂಡುಕೊಂಡ ಒಂದು ಉಪಾಯ ಎಲ್ಲಕ್ಕಿಂತ ಮೆಚ್ಚತಕ್ಕದ್ದು: ಛೇನಾವನ್ನೆಲ್ಲ ಬೇಯಿಸದೆ ಒಂದು ಪಾಲನ್ನು ಹಸಿಯಾಗಿ ಎತ್ತಿಡುವುದು. 340 ಗ್ರಾಂನಲ್ಲಿ ಮೂರನೆಯ ಒಂದು ಪಾಲನ್ನು ಬದಿಗಿಟ್ಟು, ಉಳಿದದ್ದಕ್ಕೆ 100 ಗ್ರಾಂ ಪುಡಿಸಕ್ಕರೆ ಬೆರೆಸಿ, ದಪ್ಪ ತಳದ ಬಾಣಲೆಯಲ್ಲಿ ತೀರಾ ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ತಳ ಬಿಡಿಸುತ್ತಾ ಮಗುಚಬೇಕು. ಮೊದಲು ಸಡಿಲವಾದದ್ದು ಆರೆಂಟು ನಿಮಿಷದೊಳಗೆ ಬಾಣಲೆಯ ಅಂಚನ್ನು ಬಿಟ್ಟು ಮಧ್ಯಕ್ಕೆ ಕೂಡಿಕೊಳ್ಳುತ್ತದೆ, ಆದರೆ ಮೇಲ್ಮೈ ಇನ್ನೂ ಒದ್ದೆಯಾಗಿ ಹೊಳೆಯುತ್ತಿರುತ್ತದೆ, ಇಳಿಸಬೇಕಾದದ್ದು ಆಗಲೇ. ಉಗುರುಬೆಚ್ಚಗಾದ ಮೇಲೆ ಹಸಿ ಪಾಲನ್ನೂ ಏಲಕ್ಕಿಯನ್ನೂ ಸೇರಿಸಿ ನಾದಿದರೆ, ಬೆಂದ ಭಾಗ ಆಕಾರವನ್ನು ಹಿಡಿದಿಡುತ್ತದೆ, ಬೇಯದ ಭಾಗ ಕರಗುವ ಗುಣವನ್ನು ಕೊಡುತ್ತದೆ.

ಈ ಸೀಮೆಯ ರೂಢಿ ದಾರಿತಪ್ಪಿಸುವುದು ಇಳಿಸುವ ಈ ಗಳಿಗೆಯಲ್ಲಿ. ಮೈಸೂರು ಪಾಕಿನಲ್ಲಿ ತುಪ್ಪ ಬಿಡುವುದು ಪಕ್ವತೆಯ ಗುರುತು. ಸಂದೇಶ್‌ನಲ್ಲಿ ಬಾಣಲೆಯ ಅಂಚಿಗೆ ಜಿಡ್ಡಿನ ಹೊಳಪು ಬಂದರೆ, ಬಲೆ ಆಗಲೇ ಕುಗ್ಗಿ ಹಿಡಿದಿಟ್ಟ ಕೊಬ್ಬನ್ನು ಹೊರಹಾಕಿದೆ ಎಂದು ಅರ್ಥ. ಹೀಗಾದದ್ದನ್ನು ನರಮ್ ಪಾಕ್ ಮಾಡಲು ಹೆಣಗುವುದಕ್ಕಿಂತ, ಅಚ್ಚಿನಲ್ಲಿ ಒತ್ತಿ ಕಡಾ ಪಾಕ್ ಆಗಿ ಬಡಿಸುವುದು ಪ್ರಾಮಾಣಿಕವಾದ ದಾರಿ. ಸಕ್ಕರೆಯ ಬದಲು ಬೆಲ್ಲ ಬಳಸುವವರು ಅದರ ತೇವವನ್ನು ಲೆಕ್ಕಕ್ಕೆ ಹಿಡಿಯಬೇಕು: ಅಚ್ಚುಬೆಲ್ಲವನ್ನು ನುಣ್ಣಗೆ ತುರಿದು, ಬಾಣಲೆಯನ್ನು ಇಳಿಸುವ ಸ್ವಲ್ಪ ಮುಂಚೆ ಸೇರಿಸಿದರೆ ಮಿಶ್ರಣ ನೀರಾಗಲು ಅವಕಾಶವಿರುವುದಿಲ್ಲ.

ಮೃದುತ್ವಕ್ಕೆ ತೆರಬೇಕಾದ ಬೆಲೆ ಬಾಳಿಕೆಯದು. ತೇವವೂ ಹಸಿ ಛೇನಾವೂ ಉಳಿದಿರುವ ಈ ಸಂದೇಶ್ ಕೊಳ್ಳೇಗಾಲದ ಬೇಸಿಗೆಯಲ್ಲಿ ಮಾಡಿದ ದಿನವೇ ಮುಗಿಯಬೇಕು, ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ತಾಳೀತು. ತಣ್ಣಗಾದಾಗ ಕೊಬ್ಬು ಗಟ್ಟಿಯಾಗಿ ಸಂದೇಶ್ ಬಿರುಸಾಗಿ ತೋರುವುದರಿಂದ, ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಬೇಕು. ಮಾದೇಶ್ವರ ಬೆಟ್ಟಕ್ಕೋ ಬಿಳಿಗಿರಿರಂಗನ ಬೆಟ್ಟಕ್ಕೋ ಬುತ್ತಿಯಲ್ಲಿ ಕಟ್ಟಿಕೊಂಡು ಹೋಗುವ ತಿಂಡಿ ಇದಲ್ಲ. ಮಾರಾಟಕ್ಕೆ ಮಾಡುವವರು ಹೆಚ್ಚು ಬೇಯಿಸಿ ಗಟ್ಟಿ ಮಾಡುವುದಕ್ಕೆ ಬಾಳಿಕೆಯ ಚಿಂತೆ ಸಾಕಷ್ಟು ದೊಡ್ಡ ಕಾರಣ, ಅದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಮನೆಯಲ್ಲಿ ಮಾಡಿ ಅಂದೇ ಬಡಿಸುವವರಿಗೆ ಮಾತ್ರ ಆ ಚಿಂತೆಯಿಲ್ಲ.