ಬೆಳಕು, ಕತ್ತಲೆ ಮತ್ತು ಮಮತೆ: 'ಸ್ಟಾರ್ ವಾರ್ಸ್' ಕಥಾನಕದ ಎರಡು ಪಂಥಗಳು

ಜಾರ್ಜ್ ಲೂಕಾಸರು 1977ರಲ್ಲಿ ಆರಂಭಿಸಿದ 'ಸ್ಟಾರ್ ವಾರ್ಸ್' ಚಿತ್ರಮಾಲೆಯ ತಳಹದಿಯಲ್ಲಿ, ಸಮಸ್ತ ಜೀವಿಗಳಿಂದ ಉದ್ಭವಿಸಿ ವಿಶ್ವವನ್ನು ಒಂದಾಗಿ ಬಂಧಿಸಿರುವ ಅಗೋಚರ ಚೈತನ್ಯವೊಂದರ ಕಲ್ಪನೆಯಿದೆ. ಮೂಲದಲ್ಲಿ 'ಫೋರ್ಸ್' ಎಂದಿರುವ ಇದನ್ನು ನಾವು 'ಶಕ್ತಿ' ಎಂದು ಕರೆಯುತ್ತೇವೆ. ನಮ್ಮಲ್ಲಿ ಆ ಶಬ್ದಕ್ಕಿರುವ ದೇವತಾರ್ಥವನ್ನು ಮಾತ್ರ ಓದುಗರು ಇಲ್ಲಿ ಬದಿಗಿಡಬೇಕು. ಈ ಶಕ್ತಿಯನ್ನು ಶಾಂತಚಿತ್ತದಿಂದ ಅನುಸರಿಸುವವರು ಜೆಡೈಗಳು. ರಾಗದ್ವೇಷಗಳ ಬಲದಿಂದ ಅದನ್ನು ವಶಮಾಡಿಕೊಳ್ಳುವವರು ಸಿತ್‌ಗಳು. ನಮ್ಮ ವಿವೇಚನೆಯನ್ನು ಲೂಕಾಸರ ಕಾಲದ ಆರು ಚಿತ್ರಗಳಿಗೆ, ಎಂದರೆ 1977ರಿಂದ 2005ರವರೆಗಿನವುಗಳಿಗೆ, ಸೀಮಿತಗೊಳಿಸಿದ್ದೇವೆ.

ಬೆಳಕು ಕತ್ತಲೆಗಳು ತಕ್ಕಡಿಯ ಎರಡು ತಟ್ಟೆಗಳಂತೆ ಸಮಬಲವಾದುವು ಎಂಬ ಅಭಿಪ್ರಾಯ ಬಹುವಾಗಿ ಪ್ರಚಾರದಲ್ಲಿದೆ. ಇದು ಒಪ್ಪತಕ್ಕದ್ದೆಂದು ನಮಗೆ ತೋರುವುದಿಲ್ಲ. 1977, 1980 ಮತ್ತು 1983ರ ಮೊದಲ ಮೂರು ಚಿತ್ರಗಳಲ್ಲಿ ಶಕ್ತಿಯ 'ಕತ್ತಲೆಯ ಪಾರ್ಶ್ವ'ದ ಮಾತು ಮತ್ತೆ ಮತ್ತೆ ಬರುತ್ತದೆ. 'ಬೆಳಕಿನ ಪಾರ್ಶ್ವ'ವೆಂಬ ಮಾತನ್ನು ಯಾರೂ ಆಡುವುದಿಲ್ಲ. ಒಳ್ಳೆಯದನ್ನು ಕೆಟ್ಟದ್ದರಿಂದ ಗುರುತಿಸುವುದು ಹೇಗೆಂದು 1980ರ ಚಿತ್ರದಲ್ಲಿ ಲ್ಯೂಕ್ ಕೇಳಿದಾಗ, ಗುರು ಯೋಡ ಶಕ್ತಿಯನ್ನು ಎರಡಾಗಿ ವಿಭಜಿಸಿ ತೋರಿಸುವುದಿಲ್ಲ; ಮನಸ್ಸು ಪ್ರಶಾಂತವಾದಾಗ ತಾನಾಗಿಯೇ ತಿಳಿಯುವುದೆನ್ನುತ್ತಾನೆ. ಹೀಗಾಗಿ ಕತ್ತಲೆಯೆಂಬುದು ಶಕ್ತಿಯಲ್ಲಿರುವ ಬೇರೊಂದು ದ್ರವ್ಯವಲ್ಲ, ಅದನ್ನು ಬಳಸುವವನ ಚಿತ್ತವಿಕಾರ. 2005ರ ಚಿತ್ರದ ಅಂತ್ಯದಲ್ಲಿ ಪ್ರಮುಖರಾಗಿ ಇಬ್ಬರು ಜೆಡೈಗಳೂ ಇಬ್ಬರು ಸಿತ್‌ಗಳೂ ಉಳಿದುದನ್ನೇ 'ಸಮತೋಲನ'ವೆಂದು ಎಣಿಸುವವರು ತಲೆಗಳನ್ನು ಲೆಕ್ಕಹಾಕುತ್ತಾರೆಯೇ ಹೊರತು ತತ್ತ್ವವನ್ನು ನೋಡುವುದಿಲ್ಲ.

ಎರಡು ಪಂಥಗಳ ನಿಜವಾದ ವಿವಾದವಿರುವುದು ಮಮತೆಯ ವಿಷಯದಲ್ಲಿ. 2005ರ ಚಿತ್ರದಲ್ಲಿ ತರುಣ ಜೆಡೈ ಅನಾಕಿನ್, ಗುಟ್ಟಾಗಿ ವರಿಸಿದ ಪತ್ನಿ ಪದ್ಮೆ ಪ್ರಸವಕಾಲದಲ್ಲಿ ಸಾಯುವಂತೆ ಕನಸು ಕಂಡು ಯೋಡನ ಬಳಿಗೆ ಬರುತ್ತಾನೆ. ಪಂಥದ ನಿಯಮವನ್ನು ಮುರಿದಿರುವುದರಿಂದ ಅವಳ ಹೆಸರನ್ನು ಹೇಳಲಾರ. ಯೋಡನ ಉಪದೇಶವಿಷ್ಟು: ಮರಣ ಸಹಜ, ಶಕ್ತಿಯಲ್ಲಿ ಲೀನವಾದವರಿಗಾಗಿ ದುಃಖಿಸಬೇಡ, ಕಳೆದುಕೊಳ್ಳಲು ಅಂಜುವುದೆಲ್ಲವನ್ನೂ ಬಿಟ್ಟುಕೊಡಲು ಅಭ್ಯಾಸಮಾಡು. ಮಾತು ಸತ್ಯವಾದುದೇ. ಆದರೆ ಬೆಂಕಿ ಹತ್ತಿದ ಮನೆಯೆದುರು ನಿಂತವನಿಗೆ ಜಗತ್ತು ನಶ್ವರವೆಂದು ಹೇಳಿದಂತಾಯಿತು. ಶಿಷ್ಯನು ಮುಚ್ಚಿಟ್ಟುದನ್ನು ಗುರು ಕೆದಕಿ ಕೇಳಲೂ ಇಲ್ಲ.

ಆ ಬಿರುಕಿನಲ್ಲಿಯೇ ಪಾಲ್ಪಟೀನ್ ಪ್ರವೇಶಿಸುತ್ತಾನೆ. ಪ್ರಿಯರನ್ನು ಮರಣದಿಂದ ಉಳಿಸುವ ವಿದ್ಯೆಯನ್ನು ಬಲ್ಲ ಸಿತ್ ಗುರುವೊಬ್ಬನ ಕಥೆಯನ್ನು ರಂಗಮಂದಿರದಲ್ಲಿ ಕುಳಿತು ಹೇಳುತ್ತಾನೆ. ಆ ಗುರುವನ್ನು ಶಿಷ್ಯನೇ ನಿದ್ರೆಯಲ್ಲಿ ಕೊಂದನೆಂಬುದೂ ಅದೇ ಕಥೆಯಲ್ಲಿದೆ; ಸಿತ್ ತತ್ತ್ವದ ಪರಿಣಾಮ ಅಲ್ಲಿಯೇ ಬಯಲಾಗಿದ್ದರೂ ಅನಾಕಿನ್‌ಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ಅವನು ಪಾಲ್ಪಟೀನನ ಶಿಷ್ಯನಾಗಿ ಡಾರ್ತ್ ವೇಡರ್ ಎಂಬ ಹೆಸರು ಪಡೆಯುತ್ತಾನೆ, ಜೆಡೈ ಬಾಲಕರನ್ನೂ ವಧಿಸುತ್ತಾನೆ. ಕೊನೆಗೆ ತನ್ನನ್ನು ತಿದ್ದಲು ಬಂದ ಪದ್ಮೆಯ ಕೊರಳನ್ನೇ ಶಕ್ತಿಯಿಂದ ಬಿಗಿಯುತ್ತಾನೆ. ಉಳಿಸಿಕೊಳ್ಳಬೇಕೆಂಬ ಹಂಬಲದ ಗುರಿ ಅವಳಾಗಿರದೆ, ಅವಳಿಲ್ಲದೆ ಬಾಳಲಾರದ ತಾನೇ ಆಗಿದ್ದನೆಂಬುದು ಇಲ್ಲಿ ಸ್ಪಷ್ಟ.

ಹಾಗಾದರೆ ಜೆಡೈಗಳ ಪಕ್ಷವೇ ಗೆದ್ದಿತೆನ್ನೋಣವೇ? 1983ರ ಚಿತ್ರ ಇದಕ್ಕೆ ಅಡ್ಡಬರುತ್ತದೆ. ವೇಡರನು ತನ್ನ ತಂದೆಯೆಂದು ತಿಳಿದ ಲ್ಯೂಕ್ ಅವನನ್ನು ಕೊಲ್ಲಲಾರೆನೆಂದಾಗ, ಗತಿಸಿದ ಗುರು ಓಬಿ-ವಾನ್ ಕಾಣಿಸಿಕೊಂಡು, ಹಾಗಿದ್ದರೆ ಚಕ್ರವರ್ತಿ ಪಾಲ್ಪಟೀನನು ಆಗಲೇ ಗೆದ್ದಂತೆ ಎನ್ನುತ್ತಾನೆ. ಗುರುಗಳ ಎಣಿಕೆ ತಪ್ಪಾಯಿತು. ತಂಗಿಯ ಮೇಲೆ ಬೆದರಿಕೆ ಬಂದೊಡನೆ ಲ್ಯೂಕ್ ಕ್ರೋಧದಿಂದ ಹೊಡೆದು ತಂದೆಯ ಕೈಯನ್ನು ಕತ್ತರಿಸುತ್ತಾನೆ, ಆ ತುಂಡಾದ ಯಂತ್ರಹಸ್ತವನ್ನೂ ತನ್ನ ಯಂತ್ರಹಸ್ತವನ್ನೂ ನೋಡಿ ತಡೆದು ನಿಲ್ಲುತ್ತಾನೆ, ಆಯುಧವನ್ನು ಎಸೆಯುತ್ತಾನೆ. ಚಕ್ರವರ್ತಿಯು ಅವನನ್ನು ಸಿಡಿಲಿನಿಂದ ಹಿಂಸಿಸುವಾಗ ವೇಡರನನ್ನು ಎಬ್ಬಿಸಿದ್ದು ಯಾವ ಪಂಥದ ಸೂತ್ರವೂ ಅಲ್ಲ, ಪುತ್ರವಾತ್ಸಲ್ಯ. ಪತ್ನಿಯ ಮೇಲಿನ ಪ್ರೀತಿಯಿಂದ ಕೆಟ್ಟವನು ಮಗನ ಮೇಲಿನ ಪ್ರೀತಿಯಿಂದ ಉದ್ಧಾರವಾದ. ಮೊದಲನೆಯದಕ್ಕೆ ಅನ್ಯರ ಪ್ರಾಣಗಳನ್ನು ಬೆಲೆಯಾಗಿ ತೆತ್ತಿದ್ದ, ಎರಡನೆಯದಕ್ಕೆ ತನ್ನದನ್ನೇ ತೆತ್ತ.

ಈ ಭೇದ ಜೆಡೈ ಶಾಸ್ತ್ರಕ್ಕೆ ಅಪರಿಚಿತವಾದುದಲ್ಲ. ನಿಷಿದ್ಧವಾದುದು ಮಮತೆ ಮತ್ತು ಸ್ವಾಮ್ಯಬುದ್ಧಿ, ಕರುಣೆಯಾದರೋ ಜೆಡೈ ಜೀವನದ ಕೇಂದ್ರ, ಎಂದು 2002ರ ಚಿತ್ರದಲ್ಲಿ ಪದ್ಮೆಗೆ ವಿವರಿಸುವವನು ಅನಾಕಿನ್‌ನೇ. ಹೀಗಿದ್ದೂ ಅವನು ನೊಂದು ಬಂದ ದಿನ ಯೋಡನ ಬಾಯಿಂದ ಬಂದುದು ನಿಷೇಧ ಮಾತ್ರ.

ಲ್ಯೂಕನಿಗೂ ಕೊನೆಗೆ ಅದೇ ಪಾಠ ಬೇರೆ ರೀತಿಯಲ್ಲಿ ಎದುರಾಗುತ್ತದೆ. ಸಾಯುತ್ತಿರುವ ತಂದೆಯನ್ನು ಬಿಟ್ಟುಹೋಗಲಾರೆ, ಉಳಿಸಲೇಬೇಕೆಂದು ಅವನು ಹಟಹಿಡಿದಾಗ, ನೀನು ಆಗಲೇ ಉಳಿಸಿರುವೆ ಎಂಬರ್ಥದ ಉತ್ತರ ಬರುತ್ತದೆ. ಮಗನು ಶವವನ್ನು ಕೊಂಡೊಯ್ದು ರಾತ್ರಿ ಕಾಡಿನಲ್ಲಿ ಒಬ್ಬನೇ ಚಿತೆಗೆ ಬೆಂಕಿಯಿಡುತ್ತಾನೆ.