ಕಲ್ಲಂಗಡಿ ಹೂವಿನ ಒಂದೇ ಬೆಳಗು

ಕಮಲಾಪುರದ ಕೆಂಪು ಬಾಳೆಗೆ ಜೇನಿನ ಹಂಗಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಅದರ ಕಾಯಿ ಬಲಿಯುತ್ತದೆ. ಕಲಬುರಗಿ ಸುತ್ತಲಿನ ಹೊಲಗಳ ಕಲ್ಲಂಗಡಿಯ ಮಾತು ಬೇರೆ. ಅದರ ಹೆಣ್ಣು ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಂಡರೆ ಮತ್ತೆ ಅರಳದು. ಅಷ್ಟರೊಳಗೆ ಗಂಡು ಹೂವಿನ ಅಂಟು ಪರಾಗ ಶಲಾಕಾಗ್ರದ ಮೂರೂ ಹಾಲೆಗಳನ್ನು ತಲುಪಬೇಕು. ಗಾಳಿಗೆ ಅದು ಹಾರುವುದಿಲ್ಲ. ಜೇನು ಹಲವು ಬಾರಿ ಬಂದು ಕೂರಬೇಕು. ಎಷ್ಟು ಸೂಕ್ಷ್ಮ ಕೆಲಸ! ಭೇಟಿ ಕಡಿಮೆಯಾದರೆ ಒಂದು ಬದಿಯಲ್ಲಷ್ಟೇ ಬೀಜ ಕಟ್ಟಿ ಕಾಯಿ ಸೊಟ್ಟಗಾಗುತ್ತದೆ. ಭೇಟಿಯೇ ಇಲ್ಲದಿದ್ದರೆ ಹೂಬುಡದ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ. ಇಂಥ ಕಾಯಿ ಹೆಚ್ಚಿದಾಗ ಗೊಬ್ಬರ ಸುರಿಯುವ ಮೊದಲು ಬೆಳಗಿನ ಹೂಗಳಲ್ಲಿ ಜೇನಿದೆಯೇ ಎಂದು ನೋಡಬೇಕು. ತುಡುವೆ ಪೆಟ್ಟಿಗೆಯನ್ನು ಹೂ ಶುರುವಾದ ಮೇಲೆಯೇ ತಂದು, ನೆರಳಿನಲ್ಲಿ, ನೀರಿನ ಹತ್ತಿರ ಇಡುವುದು ಸರಿ. ಔಷಧಿ ಅನಿವಾರ್ಯವಾದರೆ ಹೂ ಮುಚ್ಚಿದ ಮೇಲೆ, ಸಂಜೆ ಸಿಂಪಡಿಸಬೇಕು.