ಟಿಕೆಟ್ ಯಾವಾಗ ಕೈಬಿಡಬೇಕು?

ಈ ವಾರ ಪ್ರಿಂಟರ್ ಸ್ಪೂಲರ್ ಬಗ್ಗೆ ಬರೆಯುತ್ತೇನೆ ಅಂತ ಹೇಳಿದ್ದೆ. ಅದು ಇನ್ನೊಂದು ವಾರ ಕಾಯಲಿ. ಅನಗವಾಡಿಯ ಪತ್ತಿನ ಸಹಕಾರಿ ಸಂಘವೊಂದರ ಟಿಕೆಟ್ ಇದೆಯಲ್ಲ, ಅದು ಸ್ಪೂಲರಿಗಿಂತ ರುಚಿಯಾದದ್ದು.

ಸಂಗತಿ ಇಷ್ಟು. ಘಟಪ್ರಭೆಯ ದಂಡೆಯ ಆ ಊರಲ್ಲಿ ಕಬ್ಬಿನ ಬಿಲ್ ಜಮೆಯಾದ ಮರುದಿನ. ಕೌಂಟರ್ ಮುಂದೆ ರೈತರ ಸಾಲು. ಬೆಳಿಗ್ಗೆ ಒಂಬತ್ತೂವರೆಗೆ ಸಂಘದ ಎರಡೂ ಕಂಪ್ಯೂಟರಿನಲ್ಲಿ ಖಾತೆಯ ಸಾಫ್ಟ್‌ವೇರ್ ತೆರೆಯಲಿಲ್ಲ. ಅದು ಬ್ರೌಸರಿನಲ್ಲಿ ಓಡುವ ಸಾಫ್ಟ್‌ವೇರ್, ಸರ್ವರ್ ಇರುವುದು ಮಾರಿದ ಕಂಪನಿಯ ಬಳಿ. ಬೀಳಗಿಯಿಂದ ಬೈಕಿನಲ್ಲಿ ಬಂದ ಸಪೋರ್ಟ್ ಹುಡುಗ ಮಧ್ಯಾಹ್ನ ಒಂದೂವರೆಗೆ ನನಗೆ ಫೋನ್ ಮಾಡಿದ. "ಸರ, ಪಿಂಗ್ ಹೊಂಟೈತ್ರಿ. ಯೂಟ್ಯೂಬೂ ಓಡತೈತಿ. ಇದೊಂದ ಪೇಜ್ ಬರವಲ್ದು. ಬರೇ ಗಾಲಿ ತಿರಗಾಕತ್ತೈತಿ."

"ಇಲ್ಲೀತನಕ ಏನೇನ್ ಮಾಡಿದಿ ತಮ್ಮಾ?"

ಪಟ್ಟಿ ಉದ್ದ ಇತ್ತು. ಕೇಬಲ್ ಬದಲಿಸಿದ. ಡಿಎನ್‌ಎಸ್ ಬದಲಿಸಿದ. ಬ್ರೌಸರಿನ ಕ್ಯಾಶೆ ಅಳಿಸಿದ, ಬ್ರೌಸರನ್ನೇ ಬದಲಿಸಿದ. ರೌಟರನ್ನು ಆಫ್ ಮಾಡಿ ಆನ್ ಮಾಡಿದ, ಆಮೇಲೆ ರೀಸೆಟ್ ಮಾಡಿ ಪಿಪಿಪಿಒಇ ಪಾಸ್‌ವರ್ಡನ್ನು ಮತ್ತೆ ಹಾಕಿದ. ನಡುವೆ, ಹತ್ತು ಗಂಟೆಯ ಸುಮಾರಿಗೆ, ತನ್ನ ಮೊಬೈಲಿನ ಹಾಟ್‌ಸ್ಪಾಟ್‌ಗೆ ಅದೇ ಕಂಪ್ಯೂಟರನ್ನು ಜೋಡಿಸಿದಾಗ ಪೇಜ್ ಥಟ್ಟನೆ ತೆರೆದಿತ್ತು. ಇದನ್ನು ಅವನು ಕೊನೆಗೆ, ಮಾತಿನ ಬಾಲಕ್ಕೆ ಸೇರಿಸಿ ಹೇಳಿದ.

ಈಗ ನೋಡಿ. ಸರ್ವರಿನ ಹೆಸರು ಹಾಕಿ ಪಿಂಗ್ ಮಾಡಿ ಉತ್ತರ ಬಂದಾಗಲೇ ಕೇಬಲ್ಲೂ ಡಿಎನ್‌ಎಸ್ಸೂ ಖುಲಾಸೆಯಾದವು. ಹಾಟ್‌ಸ್ಪಾಟಿನಲ್ಲಿ ಪೇಜ್ ತೆರೆದಾಗ ಕಂಪ್ಯೂಟರ್, ಬ್ರೌಸರ್, ಲಾಗಿನ್ ಎಲ್ಲವೂ ಖುಲಾಸೆ. ಅಂದರೆ ಹತ್ತು ಗಂಟೆಗೆ ಅವನ ಕೈಯಲ್ಲಿ ಏನಿತ್ತೋ ಒಂದೂವರೆಗೂ ಅಷ್ಟೇ ಇತ್ತು. ಮೂರೂವರೆ ತಾಸು ದುಡಿದ, ಆದರೆ ಟಿಕೆಟ್ ಒಂದಿಂಚೂ ಸರಿಯಲಿಲ್ಲ. ಬರುವ ಉತ್ತರ ಏನೇ ಆದರೂ ಮುಂದಿನ ಹೆಜ್ಜೆ ಬದಲಾಗುವುದಿಲ್ಲ ಅಂತಾದರೆ ಅದು ಪರೀಕ್ಷೆಯಲ್ಲ, ಹರಕೆ. ರೌಟರ್ ರೀಸೆಟ್ ಎಂಬುದು ನಮ್ಮ ಕಸುಬಿನ ದೊಡ್ಡ ಹರಕೆ.

ಆದ್ದರಿಂದ ಅಂಟಿಕೊಂಡ ಟಿಕೆಟ್ಟಿನ ಮುಂದೆ ಕೂತವರಿಗೆ ನಾನು ಕೇಳುವುದು ಒಂದೇ: ಮುಂದಿನ ಪರೀಕ್ಷೆ ಯಾವುದು, ಹೌದು ಬಂದರೆ ಏನು ಮಾಡುತ್ತೀ, ಇಲ್ಲ ಬಂದರೆ ಏನು ಮಾಡುತ್ತೀ? ಚೀಟಿಯ ಮೇಲೆ ಬರೆಯಲು ಬಂದರೆ ಇನ್ನೂ ಒಬ್ಬನೇ ಕೂತು ಮಾಡು, ನಾಲ್ಕು ತಾಸಾದರೂ ಸರಿ. ಬರೆಯಲು ಬರದಿದ್ದರೆ ಆ ನಿಮಿಷವೇ ಎಸ್ಕಲೇಟ್ ಮಾಡು, ಟಿಕೆಟ್ ಬಂದು ಹತ್ತೇ ನಿಮಿಷವಾಗಿದ್ದರೂ ಸರಿ. ಆ ಹುಡುಗನಿಗೆ ಹತ್ತು ಗಂಟೆಗೇ ಆ ಹೊತ್ತು ಬಂದಿತ್ತು. "ಫೈಬರಿನಲ್ಲಿ ಬರುವುದಿಲ್ಲ, ಹಾಟ್‌ಸ್ಪಾಟಿನಲ್ಲಿ ಬರುತ್ತದೆ, ಪಿಂಗ್ ಎರಡರಲ್ಲೂ ಹೋಗುತ್ತದೆ" ಎಂಬ ಮೂರು ಮಾತು ಸಾಕಿತ್ತು. ಬಲ್ಲವನಿಗೆ ಅಷ್ಟರಲ್ಲೇ ವಾಸನೆ ಹತ್ತುತ್ತದೆ: ಸಣ್ಣ ಪ್ಯಾಕೆಟ್ ದಾಟುತ್ತಿದೆ, ದೊಡ್ಡದು ದಾಟುತ್ತಿಲ್ಲ. ಮಾಮೂಲಿ ಪಿಂಗ್ ವಿಂಡೋಸಿನಲ್ಲಿ 32 ಬೈಟಿನದು. ಎಚ್‌ಟಿಟಿಪಿಎಸ್ ಪೇಜ್ ತೆರೆಯುವ ಮುಂಚೆ ಸರ್ವರ್ ಕಳಿಸುವ ಸರ್ಟಿಫಿಕೇಟ್ ಮಾತ್ರ ತುಂಬಿದ ಪ್ಯಾಕೆಟ್ಟುಗಳಲ್ಲಿ ಬರುತ್ತದೆ. ಯೂಟ್ಯೂಬ್ ಸಾಮಾನ್ಯವಾಗಿ ಓಡುವುದು ಕ್ವಿಕ್ ಎಂಬ ಬೇರೆ ದಾರಿಯಲ್ಲಿ, ಚಿಕ್ಕ ಪ್ಯಾಕೆಟ್ಟುಗಳಲ್ಲಿ. ಹಾಗಾಗಿ "ಯೂಟ್ಯೂಬ್ ಓಡತೈತಿ" ಎಂಬ ಸಾಕ್ಷಿಯನ್ನು ನಾನು ಎಂದೂ ಪೂರ್ತಿ ನಂಬುವುದಿಲ್ಲ.

ಫೋನಿನಲ್ಲೇ ಅವನಿಂದ ಇಷ್ಟು ಮಾಡಿಸಿದೆ. SERVER ಇರುವಲ್ಲಿ ಸಾಫ್ಟ್‌ವೇರಿನ ವಿಳಾಸ, OTHER ಇರುವಲ್ಲಿ ದೊಡ್ಡ ಪಿಂಗಿಗೂ ಉತ್ತರ ಕೊಡುವ ಬೇರೊಂದು ಸರ್ವರ್.

```
ping -f -l 1472 SERVER
ping -f -l 1464 SERVER
ping -f -l 1372 SERVER
ping -f -l 1464 OTHER
```

`-f` ಅಂದರೆ ಪ್ಯಾಕೆಟ್ಟನ್ನು ಒಡೆಯಬೇಡ ಎಂಬ ಕಟ್ಟಪ್ಪಣೆ. ನಾವು ಕೊಟ್ಟ ಸಂಖ್ಯೆಗೆ ತಲೆಬರಹದ 28 ಬೈಟ್ ಕೂಡುತ್ತದೆ. ಮೊದಲನೆಯದು ಒಟ್ಟು 1500, ಅದಕ್ಕೆ `Packet needs to be fragmented but DF set.` ಎಂದು ಬಂತು. ಇದರಲ್ಲಿ ಗಾಬರಿ ಏನಿಲ್ಲ. ಪಿಪಿಪಿಒಇ ತನ್ನ ಪಾಲಿಗೆ 8 ಬೈಟ್ ಹಿಡಿದುಕೊಳ್ಳುವುದರಿಂದ ಫೈಬರಿನಲ್ಲಿ ಹಿಡಿಸುವುದು 1492 ಮಾತ್ರ, ರೌಟರ್ ಅದನ್ನು ಪ್ರಾಮಾಣಿಕವಾಗಿ ಹೇಳಿತು. ಎರಡನೆಯದು ಸರಿಯಾಗಿ 1492. ಹೋಗಲೇಬೇಕಿತ್ತು. ಬಂದದ್ದು `Request timed out.` ಈ ಎರಡು ಸಾಲುಗಳ ವ್ಯತ್ಯಾಸದಲ್ಲೇ ಇಡೀ ಕೇಸು ಇದೆ. ಮೊದಲನೆಯದರಲ್ಲಿ ಯಾರೋ "ಹಿಡಿಸೋದಿಲ್ಲ" ಎಂದು ಬಾಯಿಬಿಟ್ಟು ಹೇಳಿದರು, ಎರಡನೆಯದರಲ್ಲಿ ಯಾರೋ ಪ್ಯಾಕೆಟ್ ನುಂಗಿ ಸುಮ್ಮನಾದರು. 1372, ಅಂದರೆ ಒಟ್ಟು 1400, ಆರಾಮಾಗಿ ದಾಟಿತು.

ಹುಡುಗ ಆಗಲೇ ಇಂಟರ್ನೆಟ್ ಕೊಟ್ಟವರಿಗೆ ಫೋನ್ ಹಚ್ಚಲು ಹೊರಟಿದ್ದ. ಹಾಟ್‌ಸ್ಪಾಟಿನಲ್ಲಿ ಬರುತ್ತದೆ, ಫೈಬರಿನಲ್ಲಿ ಬರುವುದಿಲ್ಲ, ಅಂದ ಮೇಲೆ ತಪ್ಪು ಫೈಬರಿನದೇ ಎಂದು ಯಾರಿಗೂ ಅನ್ನಿಸುತ್ತದೆ. ಅದಕ್ಕೇ ನಾಲ್ಕನೆಯ ಸಾಲು. ಅದೇ ಫೈಬರಿನ ಮೇಲೆ ಬೇರೆ ಸರ್ವರಿಗೆ 1464 ಸಲೀಸಾಗಿ ಹೋಗಿ ಬಂತು. ಹಾಗಾದರೆ ಫೈಬರಿನವರದ್ದೇನೂ ಇಲ್ಲ, ಬಿಗಿ ಇರುವುದು ಸಾಫ್ಟ್‌ವೇರ್ ಕಂಪನಿಯ ಕಡೆ. ಮೊಬೈಲ್ ಜಾಲಗಳು ಎಷ್ಟೋ ಕಡೆ ಪ್ಯಾಕೆಟ್ಟಿನ ಅಳತೆಯನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಹಾಟ್‌ಸ್ಪಾಟ್ ಗೆದ್ದದ್ದಕ್ಕೆ ಅದೇ ಕಾರಣವಾಗಿರಬಹುದು. ತಪ್ಪು ಬಾಗಿಲಿಗೆ ಹೋಗಿದ್ದರೆ ಇಂಟರ್ನೆಟ್‌ನವರು ಸ್ಪೀಡ್ ಟೆಸ್ಟ್ ತೋರಿಸಿ "ನಮ್ಮದು ಸರಿ ಐತಿ" ಅಂತ ಟಿಕೆಟ್ ಮುಚ್ಚುತ್ತಿದ್ದರು. ಅವರು ಹೇಳಿದ್ದು ನಿಜವೂ ಆಗಿರುತ್ತಿತ್ತು.

ದೊಡ್ಡ ಪಿಂಗನ್ನು ಬೇಕೆಂದೇ ತಡೆಯುವ ಫೈರ್‌ವಾಲ್‌ಗಳೂ ಇವೆ, ಆದ್ದರಿಂದ ಪಿಂಗಿನ ಮಾತನ್ನೇ ಕೊನೆಯ ಮಾತು ಅನ್ನಬಾರದು. ಒಂದು ಕಂಪ್ಯೂಟರಿನಲ್ಲಿ ಇದನ್ನು ಓಡಿಸಿದೆವು:

```
netsh interface ipv4 set subinterface "Ethernet" mtu=1400 store=active
```

ಈಗ ಕಂಪ್ಯೂಟರ್ ಸರ್ವರಿಗೆ "ನನಗೆ 1360 ಬೈಟಿಗಿಂತ ದೊಡ್ಡ ತುಂಡು ಕಳಿಸಬೇಡ" ಎಂದು ಮೊದಲೇ ಹೇಳುತ್ತದೆ. ಪೇಜ್ ತೆರೆಯಿತು. `store=active` ಇರುವುದರಿಂದ ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಇದು ಅಳಿಸಿಹೋಗುತ್ತದೆ. ರೌಟರಿನಲ್ಲಿ ಎಂಎಸ್‌ಎಸ್ ಕ್ಲ್ಯಾಂಪ್ ಎಂಬ ಕಡೆ ಅದೇ 1360 ಹಾಕಿಸಿ ಎರಡೂ ಕೌಂಟರ್ ಶುರು ಮಾಡಿಸಿದೆ. ರೋಗ ಹೊಸದೇನಲ್ಲ. ದಾರಿಯಲ್ಲಿ ಹಿಡಿಸುವ ಅಳತೆಯನ್ನು ಕಂಡುಕೊಳ್ಳುವ ಕ್ರಮವನ್ನು 1990ರ ಆರ್‌ಎಫ್‌ಸಿ 1191 ಹೇಳಿತು. ಆ ಕ್ರಮ ನಿಂತಿರುವುದೇ "ಹಿಡಿಸೋದಿಲ್ಲ" ಎಂಬ ಐಸಿಎಂಪಿ ಸಂದೇಶದ ಮೇಲೆ. ಭದ್ರತೆಯ ಹೆಸರಲ್ಲಿ ಐಸಿಎಂಪಿಯನ್ನು ಸಾರಾಸಗಟು ತಡೆದರೆ ಏನಾಗುತ್ತದೆ ಎಂಬುದನ್ನು 2000ದ ಆರ್‌ಎಫ್‌ಸಿ 2923 ಬರೆದಿಟ್ಟಿದೆ. ಇವತ್ತಿಗೂ ತಡೆಯುತ್ತಲೇ ಇದ್ದಾರೆ.

ಈಗ ಉಳಿದ ದೋಷ ಇರುವುದು ಕಂಪನಿಯ ಫೈರ್‌ವಾಲಿನಲ್ಲೋ ಟನಲ್ಲಿನಲ್ಲೋ. ಅದರ ಪಾಸ್‌ವರ್ಡ್ ನಮ್ಮ ಕೈಯಲ್ಲಿಲ್ಲ. ಇನ್ನು ಎಷ್ಟು ಜಾಣತನ ಇದ್ದರೂ ಒಬ್ಬನೇ ಕೂರುವುದರಲ್ಲಿ ಅರ್ಥವಿಲ್ಲ. ಆದರೆ ಕಳಿಸುವ ಟಿಪ್ಪಣಿ ಹೇಗಿರಬೇಕು? ಡೇವಿಡ್ ಅಗಾನ್ಸ್ ಅವರ 2002ರ 'ಡೀಬಗ್ಗಿಂಗ್' ಪುಸ್ತಕವನ್ನು ಈ ಅಂಕಣದಲ್ಲಿ ಪದೇಪದೇ ಎತ್ತುತ್ತೇನೆ ಎಂದು ಬೈಯುವವರಿದ್ದಾರೆ, ಬೈಯಲಿ. ಬೇರೆಯವರನ್ನು ಕರೆಯುವ ಬಗ್ಗೆ ಅಲ್ಲಿ ಒಂದು ಅಧ್ಯಾಯವೇ ಇದೆ. ಕರೆದವರ ಮುಂದೆ ಕಂಡದ್ದನ್ನು ಇಡು, ನಿನ್ನ ಊಹೆಯನ್ನು ಇಡಬೇಡ ಎನ್ನುವುದು ಅದರ ತಿರುಳು. ಊಹೆ ಹೇಳಿದರೆ ಬಂದವನೂ ನೀನು ಸಿಕ್ಕಿಕೊಂಡ ಗುಂಡಿಗೇ ಬೀಳುತ್ತಾನೆ. ಹುಡುಗ ಮೊದಲು ಬರೆದದ್ದು "ನಿಮ್ಮ ಸರ್ವರ್ ಎಂಟಿಯು ತಪ್ಪಾಗಿದೆ, ಸರಿಪಡಿಸಿ" ಎಂದು. ಅಳಿಸಿಸಿದೆ. ನಾಲ್ಕು ಪಿಂಗಿನ ಉತ್ತರಗಳನ್ನು ಇದ್ದಂತೆಯೇ ಅಂಟಿಸಿ, 1400ಕ್ಕೆ ಇಳಿಸಿದರೆ ಪೇಜ್ ಬರುತ್ತದೆ ಎಂದು ಬರೆದು, ನಿನ್ನೆ ಸಂಜೆಯವರೆಗೆ ಸರಿ ಇತ್ತು ಎಂಬ ಹೊತ್ತು ಸೇರಿಸಿ, ಕೊನೆಗೆ ಒಂದೇ ಪ್ರಶ್ನೆ ಕೇಳಿಸಿದೆ: ನಿನ್ನೆ ರಾತ್ರಿ ನಿಮ್ಮ ಕಡೆ ಟನಲ್ ಅಥವಾ ಫೈರ್‌ವಾಲ್ ಏನಾದರೂ ಬದಲಾಯಿತೇ?

ಇಲ್ಲಿ ನನ್ನ ಹಳೆಯ ಜಗಳ ತೆಗೆಯಲೇಬೇಕು. "ಮೂವತ್ತು ನಿಮಿಷ ಆಯಿತೋ, ಮೇಲಕ್ಕೆ ಹಾಕು" ಎನ್ನುವ ಗಡಿಯಾರದ ಪಂಥವೊಂದಿದೆ. ಮ್ಯಾನೇಜರುಗಳಿಗೆ ಅದು ಬಲು ಪ್ರೀತಿ, ಎಕ್ಸೆಲ್ಲಿನಲ್ಲಿ ಎಣಿಸಲು ಬರುತ್ತದಲ್ಲ! ಆ ಲೆಕ್ಕದಲ್ಲಿ ನಮ್ಮ ಟಿಕೆಟ್ ಹತ್ತು ಗಂಟೆಗೆ ಮೇಲಕ್ಕೆ ಹೋಗುತ್ತಿತ್ತು ನಿಜ. "ಸೈಟ್ ಓಪನ್ ಆಗುತ್ತಿಲ್ಲ, ಪರಿಶೀಲಿಸಿ" ಎಂಬ ಒಂದು ಸಾಲಿನೊಂದಿಗೆ ಹೋಗುತ್ತಿತ್ತು. ಮೇಲಿನವನು ಕ್ಯಾಶೆ ಅಳಿಸಿ ನೋಡಿ ಎಂದು ವಾಪಸ್ ಕಳಿಸಿ 'ಪೆಂಡಿಂಗ್ – ಕಸ್ಟಮರ್' ಎಂದು ಒತ್ತುತ್ತಿದ್ದ. ಹಾಗೆ ಒತ್ತಿದ ತಕ್ಷಣ ಗಡಿಯಾರ ನಿಲ್ಲುತ್ತದೆ. ಈ ಗುಂಡಿಯನ್ನು ಬಲ್ಲವರು ಕೆಲಸವನ್ನು ಕಲಿಯುವುದೇ ಇಲ್ಲ.

ಹಾಗಂತ ಗಡಿಯಾರಕ್ಕೆ ಎಲ್ಲಿಯೂ ಜಾಗ ಇಲ್ಲವೆನ್ನಲಾರೆ. ನಮ್ಮ ರಾಜ್ಯದ ಸಕಾಲ ಕಾಯ್ದೆ ನೋಡಿ. 2011ರ ಕಾಯ್ದೆ, ಏಪ್ರಿಲ್ 2012ರಿಂದ ರಾಜ್ಯವಿಡೀ ಜಾರಿ. ಅರ್ಜಿ ಕೊಟ್ಟರೆ 15 ಅಂಕಿಯ ಸಂಖ್ಯೆ ಸಿಗುತ್ತದೆ, ಸೇವೆಗೆ ಇಂತಿಷ್ಟು ದಿನ ಎಂದು ನಿಗದಿ, ದಾಟಿದರೆ ಮೇಲ್ಮನವಿ, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಪೂರ್ತಿ ಗಡಿಯಾರದ ಮೇಲೆಯೇ ನಿಂತ ಎಸ್ಕಲೇಶನ್. ಅಲ್ಲಿ ಅದು ಸರಿ, ಯಾಕೆಂದರೆ ಅರ್ಜಿದಾರನಿಗೆ ಗುಮಾಸ್ತರ ಮೇಜಿನ ಮೇಲೆ ಏನು ನಡೆದಿದೆ ಎಂಬುದು ಕಾಣುವುದಿಲ್ಲ, ಕಾಣುವುದು ತಾರೀಕು ಒಂದೇ. ಕಾಯುವವನ ಕೈಯಲ್ಲಿ ಗಡಿಯಾರ ಇರಲಿ. ಮಾಡುವವನ ಕೈಗೂ ಅದೇ ಗಡಿಯಾರ ಕೊಟ್ಟರೆ ಅವನು ಟಿಕೆಟ್ಟನ್ನು ನೋಡುವುದು ಬಿಟ್ಟು ಮುಳ್ಳನ್ನು ನೋಡುತ್ತಾನೆ. ಅಂದ ಮೇಲೆ ಅನಗವಾಡಿಯಲ್ಲಿ ಸಂಘದ ಕಾರ್ಯದರ್ಶಿಯವರು ಹತ್ತೂವರೆಗೇ ಹುಡುಗನ ಮೇಲಿನವರಿಗೆ ಫೋನ್ ಮಾಡಬಹುದಿತ್ತು, ಮಾಡಬೇಕಿತ್ತು. ಸಾಲಿನಲ್ಲಿ ನಿಂತ ರೈತರ ಪರವಾಗಿ ಆ ಹಕ್ಕು ಅವರದು. ಹುಡುಗನೂ ಹತ್ತಕ್ಕೇ ಒಂದು ಕೌಂಟರನ್ನು ಹಾಟ್‌ಸ್ಪಾಟಿನ ಮೇಲೆ ಓಡಿಸಿ ಸಾಲು ಕರಗಿಸಬಹುದಿತ್ತು. ಪರೀಕ್ಷೆ ಮಾಡಿದವನಿಗೆ ಅದು ಮದ್ದೂ ಹೌದು ಎಂದು ಹೊಳೆಯಲಿಲ್ಲ.

ಕಂಪನಿಯ ಉತ್ತರ ಅದೇ ಸಂಜೆ ಬಂತು. ರಾತ್ರಿ ಹೊಸ ಟನಲ್ ಹಾಕಿದ್ದು ನಿಜ, ಐಸಿಎಂಪಿ ತಡೆ ತೆಗೆದಿದ್ದೇವೆ, ದಯವಿಟ್ಟು ಪರೀಕ್ಷಿಸಿ ಟಿಕೆಟ್ ಮುಚ್ಚಿ ಎಂದು. ಹುಡುಗ ಪೇಜ್ ತೆರೆದು ನೋಡಿ "ಬಂತ್ರಿ" ಅಂದ. ಬರದೆ ಇನ್ನೇನು, ರೌಟರಿನಲ್ಲಿ ನಮ್ಮ ಕ್ಲ್ಯಾಂಪ್ ಇನ್ನೂ ಇತ್ತಲ್ಲ! ಅದನ್ನು ತೆಗೆಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿಸಿ, ಮತ್ತೆ 1464 ಕಳಿಸಲು ಹೇಳಿದೆ. ಈ ಸಲ ಬಂದದ್ದು `Packet needs to be fragmented but DF set.` ಬಿಗಿ ಇನ್ನೂ ಅಲ್ಲೇ ಇದೆ, ಆದರೆ ಈಗ ಬಾಯಿಬಿಟ್ಟು ಹೇಳುತ್ತಿದೆ. ಪೇಜ್ ಕ್ಲ್ಯಾಂಪ್ ಇಲ್ಲದೆಯೇ ತೆರೆಯಿತು. ಆಮೇಲೆ ಮುಚ್ಚಿಸಿದೆ.

ಸ್ಪೂಲರ್ ಮುಂದಿನ ವಾರ, ಖಂಡಿತ.